ಬಹುದಕ್ಕ ಮತ್ತು ನುಂಗಿಹೋದ ಮಾತು

ಆ ಸ್ಟುಡಿಯೋದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಬಹುದಕ್ಕ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿದ ಎರಡು ಕೋಣೆಗಳಲ್ಲಿ, ಉಳಿತಾಯ ಮತ್ತು ಹೂಡಿಕೆಯ ಬಗ್ಗೆ ಜನರಿಗೆ ತಿಳಿಸಿ ಹೇಳುವ ವಿಡಿಯೋಗಳು ತಯಾರಾಗುತ್ತಿದ್ದವು. ಅವು ಹೊರಗೆ ಹೋಗುವ ಮುನ್ನ ಮಾತನ್ನು ಸೋಸುವುದು ಅವಳ ಕೆಲಸ. ಯಾರಾದರೂ ‘ಲಾಭ ಸಿಗುತ್ತೆ’ ಎಂದು ಬರೆದರೆ ಅವಳ ಪೆನ್ನು ಅದನ್ನು ‘ಸಿಗಬಹುದು’ ಮಾಡುತ್ತಿತ್ತು. ‘ಹಣ ಬೆಳೆಯುತ್ತೆ’ ಎಂದಿದ್ದರೆ ‘ಬೆಳೆಯಬಹುದು, ಕರಗಲೂಬಹುದು’ ಎಂದಾಗುತ್ತಿತ್ತು. ‘ಪಕ್ಕಾ’, ‘ಖಚಿತ’, ‘ನಿಶ್ಚಿಂತೆ’, ‘ಕಣ್ಣು ಮುಚ್ಚಿಕೊಂಡು ಹಾಕಿ’ ಇಂಥವನ್ನಂತೂ ಅವಳು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಹೆಕ್ಕಿ ಬಿಸಾಡುತ್ತಿದ್ದಳು.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಹೆಂಡತಿಯ ಬಗ್ಗೆ ನೆಂಟರ ಮುಂದೆ ಅವನದೊಂದು ಮಾತು ಇದ್ದೇ ಇರುತ್ತಿತ್ತು: “ನಮ್ಮನೇಲಿ ಸೂರ್ಯ ಕೂಡ ನಾಳೆ ಹುಟ್ಟಬಹುದು ಅಷ್ಟೆ. ಹುಟ್ತಾನೆ ಅಂತ ಬರೆದುಕೊಡೋಕೆ ಇವಳು ಒಪ್ಪಲ್ಲ.”

ಅನುಮಾನ ಅವಳಿಗೆ ಈ ಕೆಲಸದಿಂದ ಅಂಟಿದ್ದಲ್ಲ. ಚಿಕ್ಕಂದಿನಲ್ಲೇ ಅಂಗಡಿಯಿಂದ ತಂದ ಸೋಪಿನ ಪೊಟ್ಟಣವನ್ನು ತಿರುಗಿಸಿ, ಹಿಂದೆ ಏನು ಬರೆದಿದೆ ಎಂದು ಓದಿದ ಮೇಲೆಯೇ ತಾಯಿಯ ಕೈಗೆ ಕೊಡುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಒಂದು ಮುದ್ರಣಾಲಯದಲ್ಲಿ ಔಷಧಿ ಡಬ್ಬಿಯೊಳಗಿನ ಮಡಿಸಿದ ಚೀಟಿಗಳ ಕರಡು ತಿದ್ದುತ್ತಿದ್ದಳು. ‘ತಲೆಸುತ್ತು ಬರಬಹುದು’, ‘ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.’ ಆ ಚೀಟಿಗಳನ್ನು ಯಾರೂ ಓದುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಓದುವ ಒಬ್ಬರಿಗಾಗಿ ತಪ್ಪಿಲ್ಲದಂತೆ ಇರಬೇಕು ಎಂದೂ ಗೊತ್ತಿತ್ತು. ಮುದ್ರಣಾಲಯ ಮುಚ್ಚಿದಾಗ ಈ ಸ್ಟುಡಿಯೋದ ಮಾಲೀಕ ಅವಳನ್ನು ಕರೆಸಿಕೊಂಡ. ಅವನು ಹಿಂದೆ ಮದುವೆ ವಿಡಿಯೋ ತೆಗೆಯುತ್ತಿದ್ದವನು. ಜನ ಈಗ ಮದುವೆಯನ್ನು ಫೋನಿನಲ್ಲೇ ಹಿಡಿದುಬಿಡುತ್ತಾರೆ ಎಂದು ಹಣದ ವಿಡಿಯೋಗಳ ಕಡೆ ಹೊರಳಿದ್ದ.

“ಮೇಡಂ, ನಾಳೆ ಯಾರೂ ನಮ್ಮ ಕುತ್ತಿಗೆಪಟ್ಟಿ ಹಿಡೀಬಾರ್ದು. ಅಷ್ಟು ನೋಡ್ಕೊಳ್ಳಿ ಸಾಕು,” ಎಂದಿದ್ದ ಮೊದಲ ದಿನ.

ಅವಳು ನೋಡಿಕೊಂಡಳು. ಕಳೆದ ವರ್ಷಗಳಲ್ಲಿ ಒಂದು ಹೂಡಿಕೆ ಚೆನ್ನಾಗಿ ಬೆಳೆದಿದ್ದರೆ ‘ಬೆಳೆದಿತ್ತು’ ಎನ್ನಬೇಕು, ಅದೇ ಉಸಿರಿನಲ್ಲಿ ಮುಂದೆಯೂ ಹಾಗೇ ಆಗುತ್ತದೆಂಬ ಭರವಸೆಯಿಲ್ಲ ಎಂದೂ ಹೇಳಬೇಕು. ಲೆಕ್ಕ ತೋರಿಸುವಾಗ ‘ಹನ್ನೆರಡು ಪರ್ಸೆಂಟ್ ಎಂದು ಊಹಿಸಿಕೊಂಡರೆ’ ಎಂದು ಹೇಳಿ, ಪಕ್ಕದಲ್ಲೇ ಆರು ಬಂದರೆ ಏನು, ಕಳೆದುಕೊಂಡರೆ ಏನು ಎಂಬುದನ್ನೂ ತೋರಿಸಬೇಕು. ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಬಡ್ಡಿ ಎಷ್ಟೆಂದು ಮೊದಲೇ ಬರೆದುಕೊಟ್ಟಿರುತ್ತಾರೆ. ಮಾರುಕಟ್ಟೆಯಲ್ಲಿ ಏರಿಳಿಯುವ ಹೂಡಿಕೆಯನ್ನು ಅದರ ಪಕ್ಕ ನಿಲ್ಲಿಸಿ, ಇದೂ ಅದರಂತೆಯೇ, ಬಡ್ಡಿ ಮಾತ್ರ ಜಾಸ್ತಿ ಎನ್ನುವಂತೆ ಮಾತಾಡಕೂಡದು. ಇವಿಷ್ಟನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ತನ್ನ ಕಣ್ಣು ತಪ್ಪಿಸಿ ಒಂದು ಮಾತೂ ಆ ಮೆಟ್ಟಿಲು ಇಳಿದು ಹೋಗಿಲ್ಲ ಎಂಬ ಹೆಮ್ಮೆಯೂ ಅವಳಿಗಿತ್ತು.

ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಟೈಲರಮ್ಮ ಮೆಟ್ಟಿಲು ಹತ್ತಿ ಬಂದ ದಿನ.

ಟೈಲರಮ್ಮನದು ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ. ಅಳತೆ ಪಟ್ಟಿ ಇನ್ನೂ ಕುತ್ತಿಗೆಯಲ್ಲೇ ಇತ್ತು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ಕೇಳಿದಳು: “ಹಣದ ವಿಡಿಯೋ ಮಾಡೋರು ನೀವೇನಾ? ಒಂದೇ ಮಾತು ಕೇಳ್ಕೊಂಡು ಹೋಗ್ತೀನಿ ಕಣಮ್ಮ. ಮುಂದಿನ ವರ್ಷ ನಾನು ಅಂಗಡಿ ಬದಲಾಯಿಸ್ಬೇಕು, ಅಡ್ವಾನ್ಸ್ ಕಟ್ಬೇಕು. ಬ್ಯಾಂಕಲ್ಲಿರೋ ದುಡ್ಡು ತೆಗೆದು ನೀವು ಹೇಳಿದ್ರಲ್ಲ, ಅದಕ್ಕೆ ಹಾಕಿದ್ರೆ, ಆ ಹನ್ನೆರಡು ಪರ್ಸೆಂಟು ಅಷ್ಟರೊಳಗೆ ಕೈಗೆ ಬರುತ್ತಾ? ಇಲ್ಲಾ ತಡ ಆಗುತ್ತಾ?”

ಬಹುದಕ್ಕನ ಕಿವಿ ನೆಟ್ಟಗಾಯಿತು. “ಬರುತ್ತೆ ಅಂತ ಯಾರು ಹೇಳಿದ್ದು?”

“ಇನ್ಯಾರು, ನಿಮ್ಮ ಕೋಟು ಹಾಕ್ಕೊಂಡಿರೋ ಹುಡುಗ.”

“ಹಾಗೆ ಹೇಳಿರೋಕೆ ಸಾಧ್ಯನೇ ಇಲ್ಲಮ್ಮ. ಅವನು ಓದೋ ಒಂದೊಂದು ಅಕ್ಷರನೂ ನಾನು ನೋಡಿರ್ತೀನಿ.”

“ಹಾಗಾದ್ರೆ ನನ್ನ ಕಿವಿ ಕೆಟ್ಟಿದೆಯಾ?” ಟೈಲರಮ್ಮ ಸೆರಗಿನಿಂದ ಫೋನ್ ತೆಗೆದು ಅವಳ ಮುಂದೆ ಹಿಡಿದಳು.

ಅದೊಂದು ಪುಟ್ಟ ತುಣುಕು. ಉದ್ದ ವಿಡಿಯೋದಿಂದ ಕತ್ತರಿಸಿ ತೆಗೆದದ್ದು. ಕೋಟಿನ ನಿರೂಪಕ ನಗುತ್ತಾ ಹೇಳುತ್ತಿದ್ದ: ‘ಪ್ರತಿ ತಿಂಗಳು ತಪ್ಪದೆ ಹೂಡಿದರೆ ನಿಮಗೆ ಹನ್ನೆರಡು ಪರ್ಸೆಂಟ್ ಸಿಗ...’ ಅಷ್ಟರಲ್ಲಿ ಸಂಗೀತ ಭೋರ್ಗರೆದು ತುಣುಕು ಮುಗಿದುಬಿಟ್ಟಿತು. ಕೆಳಗೆ ಹಳದಿ ಅಕ್ಷರದಲ್ಲಿ ಮಾತು ಮಾತ್ರ ಪೂರ್ತಿ ಮೂಡಿತ್ತು: ‘ಹನ್ನೆರಡು ಪರ್ಸೆಂಟ್ ಸಿಗುತ್ತೆ!’

ಆ ವಾಕ್ಯ ಬಹುದಕ್ಕನದೇ. ಅದರ ಕೊನೆಗೆ ‘ಸಿಗಬಹುದು, ಸಿಗದೆಯೂ ಇರಬಹುದು’ ಎಂದು ಅವಳೇ ಕೈಯಾರೆ ಸೇರಿಸಿದ್ದಳು. ಯಾರೋ ಅದರ ಬಾಲ ಕತ್ತರಿಸಿ, ಬೇರೆ ಬಾಲ ಅಂಟಿಸಿದ್ದರು.

ಮೊದಲು ಆ ಹೆಂಗಸನ್ನು ಕೂರಿಸಿ ನೀರು ಕೊಟ್ಟಳು. “ನೋಡಿಮ್ಮ, ನಿಮ್ಮ ದುಡ್ಡು ಎಲ್ಲಿ ಇಡ್ಬೇಕು ಅಂತ ಹೇಳೋ ಅಧಿಕಾರ ನನಗಿಲ್ಲ. ಅದಕ್ಕೆ ನೋಂದಣಿ ಮಾಡಿಸ್ಕೊಂಡಿರೋ ಸಲಹೆಗಾರರು ಇರ್ತಾರೆ, ಅವರನ್ನ ಕೇಳಿ. ಆದ್ರೆ ನಮ್ಮ ವಿಡಿಯೋ ಬಗ್ಗೆ ಹೇಳ್ತೀನಿ. ಅದರಲ್ಲಿ ಹನ್ನೆರಡು ಅನ್ನೋದು ಊಹೆ, ಮಾತು ಕೊಟ್ಟಿದ್ದಲ್ಲ. ಮಾರುಕಟ್ಟೆ ಬಿದ್ರೆ ನೀವು ಹಾಕಿದ ಅಸಲು ಕೂಡ ಕಡಿಮೆ ಆಗಬಹುದು. ನಿಮಗೆ ಬೇಕಾದ ಹೊತ್ತಿಗೇ ಬಿದ್ದಿರಬಹುದು.”

ಟೈಲರಮ್ಮ ಅವಳನ್ನೇ ದಿಟ್ಟಿಸಿದಳು. “ಅಸಲಿಗೇ ಕತ್ತರಿ ಬೀಳಬಹುದಾ? ಇದನ್ಯಾಕೆ ಆ ಹುಡುಗ ಹೇಳ್ಲಿಲ್ಲ?”

ಟೈಲರಮ್ಮ ಫೋನನ್ನು ಸೆರಗಿಗೆ ಸಿಕ್ಕಿಸಿಕೊಂಡು, ಇವರ ಸಹವಾಸವೇ ಸಾಕು ಎನ್ನುವ ಮುಖದಲ್ಲಿ ಇಳಿದುಹೋದಳು.

ಅಂದಿನಿಂದ ಬಹುದಕ್ಕನಿಗೆ ಆ ಎರಡು ಕೋಣೆಗಳಲ್ಲಿ ಎಲ್ಲರೂ ಕಳ್ಳರಂತೆ ಕಾಣತೊಡಗಿದರು.

ಮೊದಲ ಅನುಮಾನ ಎಡಿಟರ್ ಮೇಲೆ. ಅವನನ್ನು ಎಲ್ಲರೂ ಹೆಡ್‌ಫೋನ್ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಬಂದು ಅದನ್ನು ಕಿವಿಗೆ ಸಿಕ್ಕಿಸಿಕೊಂಡರೆ ಮನೆಗೆ ಹೊರಡುವಾಗಲೇ ತೆಗೆಯುತ್ತಿದ್ದವನು. ಕತ್ತರಿ ಇರುವುದು ಅವನ ಕೈಯಲ್ಲೇ ಅಲ್ಲವೇ? ಬಹುದಕ್ಕ ಏನೂ ಹೇಳದೆ ಅವನ ಹಿಂದೆ ಸ್ಟೂಲು ಹಾಕಿಕೊಂಡು ಕೂತಳು. ಅವನು ಒಂದು ಕಡೆ ನಿರೂಪಕನ ಉಸಿರಿನ ಸದ್ದನ್ನು ಕತ್ತರಿಸಿದರೆ ಅವಳು ಮುಂದಕ್ಕೆ ಬಾಗುತ್ತಿದ್ದಳು. ಸಂಗೀತ ಏರಿಸಿದರೆ ಕೆಮ್ಮುತ್ತಿದ್ದಳು. ಊಟದ ಹೊತ್ತಿಗೆ ಅವನು ತಿರುಗಿ ಹೆಡ್‌ಫೋನ್ ತೆಗೆದ.

“ಅಕ್ಕಾ, ಏನಾಗಿದೆ ನಿಮಗೆ? ಹಿಂದೆ ಪೊಲೀಸ್ ಕೂತ ಹಾಗಿದೆ.”

“ಮಾತಿನ ಕೊನೆ ಕತ್ತರಿಸಿ ಹಾಕ್ತಿರೋದು ನೀನೇ ತಾನೆ?”

“ನಾನಾ?”

“ಮತ್ತೆ ನಾನಾ? ಟೈಲರಮ್ಮನ ಫೋನಲ್ಲಿ ನೋಡ್ದೆ. ‘ಬಹುದು’ ಎಲ್ಲಿ ಹೋಯ್ತು?”

ಅವನು ಆ ತುಣುಕನ್ನು ತನ್ನ ಪರದೆಯಲ್ಲಿ ತೆರೆದು ನೋಡಿದ. ಮುಖ ಕೆಂಪಾಯಿತು. ತಾನು ಮಾಡಿದ್ದ ಉದ್ದ ವಿಡಿಯೋದ ಅದೇ ಜಾಗ ತೆಗೆದು ಕೇಳಿಸಿದ. ಅಲ್ಲಿ ಮಾತು ಪೂರ್ತಿ ಇತ್ತು. ಆಮೇಲೆ ತುಣುಕಿನ ಕೆಳಗಿನ ಅಕ್ಷರಗಳ ಮೇಲೆ ಬೆರಳಿಟ್ಟ. ಹಳದಿ ಅಕ್ಷರ, ಅದಕ್ಕೆ ಕೆಂಪು ನೆರಳು, ಅಕ್ಷರದ ತುದಿಯಲ್ಲಿ ಬಳ್ಳಿಯಂಥ ಸುರುಳಿ.

“ಈ ಅಕ್ಷರ ನೋಡಿ ಅಕ್ಕಾ. ಇದನ್ನ ನಾನು ಸತ್ರೂ ಹಾಕಲ್ಲ. ಇದು ಮದುವೆ ವಿಡಿಯೋ ಅಕ್ಷರ.”

ಇಬ್ಬರೂ ಒಟ್ಟಿಗೆ ಮಾಲೀಕನ ಕೋಣೆಯ ಬಾಗಿಲ ಕಡೆ ನೋಡಿದರು.

“ತಪ್ಪಾಯ್ತಪ್ಪ,” ಎಂದಳು ಬಹುದಕ್ಕ.

“ಕೇಳಿದ್ರೆ ಹೇಳ್ತಿದ್ದೆ. ಹಿಂದೆ ಕೂತ್ಕೊಂಡು ಕೆಮ್ಮಬೇಕಾಗಿರಲಿಲ್ಲ,” ಎಂದು ಅವನು ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸಿಕೊಂಡ. ಮುಂದಿನ ಕೆಲವು ದಿನ ಅವಳೊಂದಿಗೆ ಬೇಕಾದಷ್ಟೇ ಮಾತು.

ಆದರೂ ಅವಳ ಅನುಮಾನ ಮಾಲೀಕನ ಬಾಗಿಲಲ್ಲಿ ನಿಲ್ಲಲಿಲ್ಲ. ನಿರೂಪಕನೂ ಸೇರಿಕೊಂಡಿರಬಹುದಲ್ಲ? ಅವನಿಗೆ ಅರ್ಧಕೋಟು ಎಂದು ಹೆಸರು. ಕ್ಯಾಮೆರಾಕ್ಕೆ ಕಾಣುವಷ್ಟು ಮೇಲೆ ಕೋಟು, ಟೈ. ಮೇಜಿನ ಕೆಳಗೆ ಚಡ್ಡಿ, ಹವಾಯಿ ಚಪ್ಪಲಿ. ಮರುದಿನದ ರೆಕಾರ್ಡಿಂಗ್ ವೇಳೆ ಅವಳು ಕಣ್ಣು ಮುಚ್ಚಿಕೊಂಡು ಕೂತು ಬರೀ ಕಿವಿಯಲ್ಲಿ ಕೇಳಿದಳು. ‘ಹನ್ನೆರಡು’ ಎಂಬಲ್ಲಿ ಅವನ ದನಿ ಮೇಲೇರಿತು. ‘ಸಿಗಬಹುದು’ ಎಂಬಲ್ಲಿ ಬಾವಿಗೆ ಬಿದ್ದಂತೆ ಕೆಳಗಿಳಿಯಿತು. ಕೊನೆಗೆ ಉಳಿದದ್ದು ‘ಸಿಗ್ಬೋ’ ಎಂಬ ಗೊಣಗು.

“ನಿಲ್ಸಿ,” ಎಂದಳು. “ನೀನು ‘ಬಹುದು’ ಯಾಕೆ ನುಂಗ್ತೀಯ?”

ಅರ್ಧಕೋಟು ಬೆರಗಾದ. “ನುಂಗಲ್ಲ ಮೇಡಂ. ಮಾತು ಮುಗಿಯೋ ಕಡೆ ದನಿ ಇಳಿಯುತ್ತೆ. ಎಲ್ಲರಿಗೂ ಇಳಿಯುತ್ತೆ. ನೀವೇ ಹೇಳಿ ನೋಡಿ.”

ಅವಳು ಹೇಳಿ ನೋಡಿದಳು. ಇಳಿಯಿತು. ಮತ್ತೊಮ್ಮೆ, ದನಿ ಎತ್ತಿ ಹೇಳಿದಳು. ಆಗ ಅದು ಮಾತಾಗಿರಲಿಲ್ಲ, ಜಗಳವಾಗಿತ್ತು. ಅರ್ಧಕೋಟು ನಕ್ಕುಬಿಟ್ಟ. ಅವಳು ನಗಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ‘ಸಿಗ’ ಎಂಬುದರ ಬೆನ್ನಿಗೆ ‘ಉತ್ತೆ’ ಬರುತ್ತದೋ ‘ಬಹುದು’ ಬರುತ್ತದೋ ಎಂಬುದರಲ್ಲೇ ಇಡೀ ವಾಕ್ಯದ ಸತ್ಯ ನಿಂತಿದೆ. ಅವಳು ಎಚ್ಚರಿಕೆಯನ್ನೆಲ್ಲ ಒಯ್ದು ಕೂರಿಸುತ್ತಿದ್ದದ್ದು ಆ ತುದಿಯಲ್ಲಿ, ದನಿ ಇಳಿಯುವ, ಸಂಗೀತ ಏರುವ, ಕತ್ತರಿ ಮೊದಲು ತಾಕುವ ಜಾಗದಲ್ಲಿ. ಕಾಗದದ ಮೇಲೆ ಅದು ಗಟ್ಟಿಯಾಗಿತ್ತು. ಆದರೆ ಜನ ಕೇಳುವುದು ಕಾಗದವನ್ನಲ್ಲ.

ಹಾಗೆಂದು ಮಾಲೀಕನನ್ನು ಬಿಡುವುದು ಅವಳ ಜಾಯಮಾನವಲ್ಲ. ಚಾನೆಲ್‌ನಲ್ಲಿದ್ದ ತುಣುಕುಗಳನ್ನೆಲ್ಲ ಕೂತು ನೋಡಿದಳು. ಹಳದಿ ಅಕ್ಷರದವೆಲ್ಲ ಒಂದೇ ಥರ. ‘ಬೆಳೆಯ’ ಎಂಬಲ್ಲಿ ಮುಗಿದದ್ದು, ‘ದುಪ್ಪಟ್ಟಾಗ’ ಎಂಬಲ್ಲಿ ಮುಗಿದದ್ದು. ಕೈತಪ್ಪಿ ಕತ್ತರಿಸಿದರೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಆಗಬೇಕಿತ್ತು. ಇದು ಪ್ರತಿ ಸಲವೂ ‘ಬಹುದು’ವಿನ ಕೊರಳಿಗೇ ಬಿದ್ದಿತ್ತು. ಅವಳು ನೇರ ಮಾಲೀಕನ ಕೋಣೆಗೆ ಹೋದಳು.

ಮಾಲೀಕ ಮೊದಲು ನುಣುಚಿಕೊಂಡ. “ಅದೆಲ್ಲ ಉದ್ದ ಜಾಸ್ತಿ ಆಗುತ್ತೆ ಅಂತ ಫೋನಲ್ಲೇ ಚಿಕ್ಕದು ಮಾಡ್ತೀನಿ ಮೇಡಂ. ಕೆಳಗಿನ ಅಕ್ಷರ ನಾನು ಬರೆದಿದ್ದಲ್ಲ. ಮಾತು ಕೇಳಿ ಅದೇ ಟೈಪ್ ಮಾಡ್ಕೊಳ್ಳುತ್ತೆ, ಅಂಥ ಆ್ಯಪು.”

“‘ಸಿಗ’ ಅಂತ ಕೇಳಿದ್ದನ್ನ ‘ಸಿಗುತ್ತೆ’ ಅಂತ ಟೈಪ್ ಮಾಡ್ಕೊಳ್ತು. ಸರಿ. ಅದನ್ನ ನೀವು ಓದಲೇ ಇಲ್ವಾ?”

ಮಾಲೀಕ ಮೇಜಿನ ಮೇಲಿದ್ದ ಕೀಗಳನ್ನು ಆಚೆ ಈಚೆ ಸರಿಸಿದ. “ಓದಿದೆ.”

“ಓದಿಯೂ ಬಿಟ್ರಿ.”

“ಹಾಗೆ ಮುಗಿದ ತುಣುಕುಗಳನ್ನೇ ಜನ ಜಾಸ್ತಿ ನೋಡ್ತಾರೆ ಮೇಡಂ, ನಾನೇನು ಮಾಡ್ಲಿ? ನಾವೆಲ್ಲೂ ಗ್ಯಾರಂಟಿ ಅನ್ನೋ ಪದ ಬಳಸಿಲ್ಲ. ಅರ್ಧ ಹೇಳಿದೀವಿ, ಇನ್ನರ್ಧ ಅವರೇ ಅಂದ್ಕೊಂಡ್ರೆ ಅದು ನಮ್ಮ ತಪ್ಪಾ? ಅಲ್ದೆ ಕೆಳಗೆ ಎಚ್ಚರಿಕೆ ಇದ್ದೇ ಇದೆ.”

“ಇದೆಯಾ? ಓದಿ.”

ಅವನು ಫೋನ್ ಹತ್ತಿರ ಹಿಡಿದ, ದೂರ ಹಿಡಿದ, ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. ಇರುವೆ ಸಾಲಿನಂಥ ಆ ಬಿಳಿ ಅಕ್ಷರ ಅಷ್ಟರಲ್ಲಿ ಮಾಯವಾಗಿತ್ತು. ತುಣುಕನ್ನು ಇನ್ನೊಮ್ಮೆ ಹಾಕಿದ. ಮತ್ತೆ ಮಾಯ.

“‘ಹನ್ನೆರಡು’ ಅನ್ನೋದನ್ನ ಓದೋಕೆ ನಿಮಗೆ ಕನ್ನಡಕ ಬೇಕಾಗ್ಲಿಲ್ಲ,” ಎಂದಳು ಬಹುದಕ್ಕ. “ದೊಡ್ಡ ಅಕ್ಷರದಲ್ಲಿ ಆಸೆ ಹುಟ್ಟಿಸಿ ಸಣ್ಣ ಅಕ್ಷರದಲ್ಲಿ ಇಲ್ಲ ಅಂದ್ರೆ ಅದು ಎಚ್ಚರಿಕೆ ಆಗಲ್ಲ ಸಾರ್. ನಾವು ಹೇಳಿಲ್ಲ, ಸರಿ. ಆದ್ರೆ ಆ ಹೆಂಗಸಿಗೆ ಕೇಳಿಸಿದೆ. ಅವಳು ಬ್ಯಾಂಕಿನ ದುಡ್ಡು ತೆಗೆಯೋಕೆ ಹೊರಟಿದ್ಲು. ಮೆಟ್ಟಿಲು ಹತ್ತಿ ಬಂದು ಕೇಳಿದವಳು ಒಬ್ಬಳು. ಕೇಳದೆ ತೆಗೆದವರು ಎಷ್ಟು ಜನ?”

ಮಾಲೀಕ ಮುಖ ಗಂಟು ಹಾಕಿಕೊಂಡ. “ಈ ಹೂಡಿಕೆ ಮಾರೋ, ವಿಡಿಯೋಗೆ ದುಡ್ಡು ಕೊಟ್ಟ ಕಂಪನಿಯವರಿಗೆ ಆ ತುಣುಕು ಇಷ್ಟ ಆಗಿದೆ. ತೆಗೆದು ಹಾಕಿದ್ರೆ ಏನಂತ ಹೇಳ್ಲಿ?”

“ಅವರ ವಕೀಲರಿಗೆ ತೋರ್ಸಿ. ಇಷ್ಟ ಆಗುತ್ತಾ ನೋಡಿ.”

ಬಾಗಿಲಲ್ಲಿ ಯಾರೋ ಗಂಟಲು ಸರಿಪಡಿಸಿಕೊಂಡರು. ಅರ್ಧಕೋಟು, ಅದೇ ಚಡ್ಡಿ ಚಪ್ಪಲಿಯಲ್ಲಿ ನಿಂತಿದ್ದ. ಅವನು ಮಾಲೀಕನ ದೂರದ ನೆಂಟ, ಎದುರು ಮಾತಾಡಿದವನೇ ಅಲ್ಲ.

“ಮಾವ, ಅದರಲ್ಲಿರೋ ಮುಖ ನಂದು,” ಎಂದ ಮೆಲ್ಲಗೆ. “ನಾಳೆ ಬಸ್ಸಲ್ಲಿ ಯಾರಾದ್ರೂ ಹಿಡ್ಕೊಂಡ್ರೆ ನನ್ನನ್ನೇ ಹಿಡ್ಕೊಳ್ಳೋದು. ಮೇಡಂ ಹೇಳಿದ ಹಾಗೆ ಮಾಡಿ. ಇಲ್ದಿದ್ರೆ ಇನ್ನು ನಾನು ಕ್ಯಾಮೆರಾ ಮುಂದೆ ಕೂತ್ಕೊಳ್ಳಲ್ಲ.”

ಮಾಲೀಕ ಇಬ್ಬರನ್ನೂ ಸರದಿಯಂತೆ ನೋಡಿದ. ಆಮೇಲೆ ಫೋನ್ ಎತ್ತಿಕೊಂಡು, ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು, ಹಳದಿ ಅಕ್ಷರದ ತುಣುಕುಗಳನ್ನು ಒಂದೊಂದಾಗಿ ಅಳಿಸಿದ. ಬಹುದಕ್ಕ ಅಲ್ಲೇ ನಿಂತು, ಪ್ರತಿಯೊಂದೂ ಹೋಯಿತೇ ಎಂದು ತನ್ನ ಫೋನಿನಲ್ಲಿ ನೋಡಿಕೊಂಡಳು. ಅಳಿಸಿದರಷ್ಟೇ ಸಾಲದು, ನೋಡಿದವರಿಗೆ ಗೊತ್ತಾಗಬೇಕು ಎಂದು ಪಟ್ಟು ಹಿಡಿದಳು. ಅರ್ಧಕೋಟು ಕ್ಯಾಮೆರಾದ ಮುಂದೆ ಕೂತು, ಮುಂಚಿನ ತುಣುಕುಗಳಲ್ಲಿ ಲಾಭ ಖಚಿತ ಎನ್ನುವಂತೆ ಕೇಳಿಸಿತ್ತು, ಅದು ತಪ್ಪು, ಈ ಹೂಡಿಕೆಯಲ್ಲಿ ಅಸಲೂ ಕಡಿಮೆಯಾಗಬಹುದು ಎಂದು ನೇರವಾಗಿ ಹೇಳಿದ. ಅದನ್ನು ಚಾನೆಲ್‌ನ ನೆತ್ತಿಯ ಮೇಲೆ ಕೂರಿಸಿದರು.

ಆಮೇಲೆ ಬಹುದಕ್ಕ ತನ್ನ ವಾಕ್ಯಗಳನ್ನು ಬುಡಮೇಲು ಮಾಡಲು ಕೂತಳು. ಎಚ್ಚರಿಕೆ ಮೊದಲು, ಅಂಕಿ ಆಮೇಲೆ. ‘ಇದರಲ್ಲಿ ನಷ್ಟವೂ ಆಗಬಹುದು. ಬರೀ ಲೆಕ್ಕಕ್ಕಾಗಿ ಹನ್ನೆರಡು ಎಂದು ಊಹಿಸೋಣ. ಆರು ಎಂದೂ ಊಹಿಸೋಣ.’ ಎಲ್ಲಿ ಕತ್ತರಿಸಿದರೂ ಉಳಿದ ತುಂಡು ಸುಳ್ಳಾಡಬಾರದು ಎಂಬುದು ಅವಳ ಹೊಸ ಹಟ. ಒಂದೊಂದು ವಾಕ್ಯವನ್ನೂ ಅರ್ಧಕ್ಕೆ ನಿಲ್ಲಿಸಿ ಓದಿ ನೋಡುತ್ತಿದ್ದಳು. ಮನೆಯಲ್ಲಿ ಗಂಡನಿಗೂ ಬಿಡುವಿಲ್ಲ. ಅರ್ಧ ವಾಕ್ಯ ಓದಿ, “ಏನು ಕೇಳಿಸ್ತು ಹೇಳಿ?” ಎಂದು ಅಡುಗೆಮನೆಯಿಂದ ಕೂಗುವುದು, ಅವನು “ಅನ್ನ ಆಗಬಹುದು ಅಂತ ಕೇಳಿಸ್ತು” ಎನ್ನುವುದು.

ಗಂಡನ ಕಿವಿ ಪಳಗಿಹೋಗಿದೆ, ಅದನ್ನು ನಂಬುವಂತಿಲ್ಲ ಎನಿಸಿ, ಆ ವಾಕ್ಯಗಳಿಂದ ತಯಾರಾದ ಹೊಸ ವಿಡಿಯೋ ಹಿಡಿದು ಅವಳು ಹಿಂದಿನ ಬೀದಿಗೆ ನಡೆದಳು. ಟೈಲರಮ್ಮ ಕಾಲಲ್ಲಿ ಮಿಷನ್ ತುಳಿಯುತ್ತಲೇ ಕೇಳಿದಳು: “ಮತ್ತೆ ಏನಮ್ಮ? ಈಗ ಹದಿನೈದು ಬರುತ್ತಂತಾ?”

“ಬ್ಯಾಂಕಿನ ದುಡ್ಡು ತೆಗೆದ್ರಾ?”

“ಹುಚ್ಚಾ ನನಗೆ? ಅಲ್ಲೇ ಇದೆ. ಅಸಲಿಗೆ ಕತ್ತರಿ ಅಂದಮೇಲೆ ಎದೆ ಧಸಕ್ ಅಂತು.”

“ಒಂದು ವಿಡಿಯೋ ನೋಡಿ. ಹೊಗಳಬೇಡಿ, ಬೈಯಬೇಡಿ. ನೋಡಿ ನಿಮಗೆ ಏನು ಅರ್ಥ ಆಯ್ತು ಅಂತ ಹೇಳಿ, ಅಷ್ಟೆ.”

ಟೈಲರಮ್ಮ ಮಿಷನ್ ನಿಲ್ಲಿಸಿ ಪೂರ್ತಿ ನೋಡಿದಳು.

“ದುಡ್ಡು ಬರುತ್ತೆ ಅಂತ ಅರ್ಥ ಆಯ್ತು,” ಎಂದಳು ಟೈಲರಮ್ಮ.

“ನಷ್ಟ ಆಗಬಹುದು ಅಂತ ಮೊದಲೇ ಹೇಳಿದ್ನಲ್ಲ!”

“ಹೇಳ್ದ. ನಗ್ತಾ ಹೇಳ್ದ. ಹಿಂದೆ ಆ ಹಸಿರು ಬಾಣ ಮೇಲಕ್ಕೆ ಹೋಗ್ತಾನೇ ಇತ್ತು. ನಷ್ಟ ಬೇರೆಯವರಿಗೆ ಅನ್ನಿಸ್ತು.”

ಬಹುದಕ್ಕ ಅಲ್ಲೇ ಬಟ್ಟೆಗಂಟಿನ ಮೇಲೆ ಕುಸಿದು ಕೂತಳು. ಅಷ್ಟು ದಿನ ಮಾತನ್ನೇ ಜರಡಿ ಹಿಡಿದಿದ್ದಳು. ಪಕ್ಕದಲ್ಲಿ ಬಾಣವೊಂದು ಬಾಯಿಲ್ಲದೆ ಭರವಸೆ ಕೊಡುತ್ತಿದ್ದದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಸ್ಟುಡಿಯೋಗೆ ವಾಪಸಾಗಿ ಹೆಡ್‌ಫೋನ್‌ನ ಪಕ್ಕದಲ್ಲಿ, ಈ ಸಲ ಹಿಂದೆಯಲ್ಲ, ಕೂತು ವಿಷಯ ಹೇಳಿದಳು. ಅವನು ಹೆಡ್‌ಫೋನ್ ತೆಗೆದು ಪೂರ್ತಿ ಕೇಳಿಸಿಕೊಂಡ. “ಅಂದ್ರೆ ನಾನೂ ಸ್ವಲ್ಪ ಕಳ್ಳನೇ ಅನ್ನಿ,” ಎಂದು ನಕ್ಕ. ಬಾಣ ತೆಗೆದು, ಹಿಂದಿನ ವರ್ಷಗಳಲ್ಲಿ ನಿಜವಾಗಿ ಆದ ಏರಿಳಿತದ ಗೆರೆ ಹಾಕಿದ. ಅದರಲ್ಲಿ ಗುಂಡಿಗೆ ಬಿದ್ದಂಥ ಇಳಿತಗಳೂ ಇದ್ದವು. ‘ಹಿಂದೆ ಹೀಗಾಗಿತ್ತು, ಮುಂದೆ ಹೀಗೇ ಆಗಬೇಕೆಂದಿಲ್ಲ’ ಎಂದು ಅದರ ಮೇಲೇ ದಪ್ಪಕ್ಷರದಲ್ಲಿ ಬರೆದ. ನಷ್ಟದ ಮಾತಾಡುವಾಗ ನಗಬಾರದೆಂದು ಅರ್ಧಕೋಟಿಗೆ ತಾಕೀತಾಯಿತು. ಮೊದಲ ಸಲ ಅವನು ಸಾವಿನ ಸುದ್ದಿ ಹೇಳುವಂತೆ ಹೇಳಿದ. ಅಷ್ಟೂ ಬೇಡವೆಂದು ಮತ್ತೆ ಹೇಳಿಸಿದರು.

ಮಾಲೀಕನೇ ಟೈಲರಮ್ಮನನ್ನು ಕರೆಸಿದ. ಅವಳು ಹೊಸದನ್ನು ನೋಡಿ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: “ಬರಬಹುದು, ಬರದೇ ಇರಬಹುದು. ಹೋದ್ರೂ ಹೋಗಬಹುದು. ಬೇಗ ಬೇಕಾದ ದುಡ್ಡು ಹಾಕೋ ಜಾಗ ಅಲ್ಲ ಅಂತ ನನಗೆ ಅನ್ನಿಸ್ತು. ಸದ್ಯಕ್ಕೆ ನನಗೆ ಬೇಡಪ್ಪ.”

ಬಹುದಕ್ಕನ ಮುಖ ಅರಳಿತು. ಮಾಲೀಕನದು ಬಾಡಿತು. “ನೋಡಿ, ಒಬ್ಬ ಗಿರಾಕಿ ಹೋದ್ರು,” ಎಂದ.

“ಕುತ್ತಿಗೆಪಟ್ಟಿ ಹಿಡಿಯೋಳು ಒಬ್ಬಳು ಕಮ್ಮಿ ಆದ್ಲು ಅನ್ಕೊಳ್ಳಿ,” ಎಂದಳು ಟೈಲರಮ್ಮ.

ಆಮೇಲೆ ವಿಡಿಯೋ ನೋಡುವವರ ಸಂಖ್ಯೆ ಇಳಿಯಿತು. ಆ ಕಂಪನಿ ಒಂದಷ್ಟು ದಿನ ಮುನಿಸಿಕೊಂಡು, ಅವರ ವಕೀಲರು ಏನೆಂದರೋ ಏನೋ, ಹೊಸ ವಿಡಿಯೋಗೆ ತುಟಿಪಿಟಕ್ಕೆನ್ನದೆ ಒಪ್ಪಿತು. ತುಣುಕುಗಳೂ ಇನ್ನು ಮೇಲೆ ಬಹುದಕ್ಕನ ಕಿವಿ ದಾಟಿಯೇ ಹೋಗಬೇಕೆಂದು ಮಾಲೀಕ ಎಲ್ಲರೆದುರು ಒಪ್ಪಿಕೊಂಡ. ಟೈಲರಮ್ಮ ಪ್ರತಿ ವಿಡಿಯೋವನ್ನೂ ಮೊದಲು ನೋಡಿ ಹೇಳುವವಳಾದಳು. ಅದಕ್ಕೆ ಸಂಬಳವನ್ನೂ ಗಟ್ಟಿಯಾಗಿ ಚೌಕಾಸಿ ಮಾಡಿ ಪಡೆದಳು.

ಬಹುದಕ್ಕ ಮಾತ್ರ ಮಾಲೀಕನನ್ನು ಪೂರ್ತಿ ನಂಬಲಿಲ್ಲ. ಬಸ್ಸಿನಲ್ಲಿ ಕೂತಾಗಲೆಲ್ಲ ಫೋನ್ ತೆಗೆದು, ಎಲ್ಲಾದರೂ ಹಳದಿ ಅಕ್ಷರ ಮತ್ತೆ ತಲೆಯೆತ್ತಿದೆಯೇ ಎಂದು ಹುಡುಕುತ್ತಿದ್ದಳು. ಎತ್ತಿರಲಿಲ್ಲ. ಅದು ಅವಳ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

ಒಂದು ಮಧ್ಯಾಹ್ನ ಮಾಲೀಕ ತಾನಾಗಿಯೇ ಎಲ್ಲರಿಗೂ ಚಹಾ ತರಿಸಿದ. ಹಿಂದೆಂದೂ ಹಾಗೆ ತರಿಸಿದವನಲ್ಲ. ಅರ್ಧಕೋಟು, ಹೆಡ್‌ಫೋನ್ ಇಬ್ಬರೂ ಲೋಟ ಎತ್ತಿಕೊಂಡು ಕುಡಿದರು. ಬಹುದಕ್ಕ ಲೋಟವನ್ನು ಮೇಜಿನ ಮೇಲೆ ಇಟ್ಟಳು.

“ಏನು ವಿಶೇಷ ಸಾರ್?” ಎಂದಳು.

“ಏನೂ ಇಲ್ಲ ಮೇಡಂ. ಸುಮ್ನೆ.”

“ಸುಮ್ನೆನಾ?” ಎಂದು ಕೇಳಿ, ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಆಮೇಲೆ ಒಂದು ಗುಟುಕು ಕುಡಿದಳು.